ಹನ್ನೆರಡು ಗುಂಡಿ, ಒಂದು ಪೊಟ್ಟಣ

ಬುಕ್ಕಾಪಟ್ಟಣದ ಗುಡ್ಡದ ಕಡೆಯ ಒಂದು ಹೊಲದಲ್ಲಿ ಮಣ್ಣಿನ ಮಾದರಿ ತೆಗೆಯುವಾಗ ಹೊಲದ ಯಜಮಾನರು ಕೇಳಿದ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಐದನೇ ಗುಂಡಿಗೆ ಗುದ್ದಲಿ ಹಾಕುವ ಹೊತ್ತಿಗೆ ಅವರಿಗೆ ಬೇಸರ ಬಂದಿತ್ತು. "ಅಲ್ಲ ಸ್ವಾಮಿ, ಹನ್ನೆರಡು ಕಡೆ ಅಗೆದು ಕೊನೆಗೆ ಎಲ್ಲಾನೂ ಒಂದೇ ಬಕೆಟ್ಟಿಗೆ ಸುರಿದು ಕಲಸ್ತೀರ. ಕಲಸೋದೇ ಆದ್ರೆ ಒಂದೇ ಕಡೆ ಅಗೆದ್ರೆ ಸಾಲ್ದಾ?" ಅಂದರು. ನಾನು ಕೊಟ್ಟ ಉತ್ತರ ಅವರಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ. ಅದೇ ಚಳಿಗಾಲದಲ್ಲಿ ಕಡಲೆಕಾಯಿ ಕೊಳ್ಳುವವರೊಬ್ಬರು ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳಿದರು: "ಹತ್ತು ರೈತರ ಕಾಯಿ ಸೇರಿಸಿ ಒಂದೇ ಟೆಸ್ಟ್ ಮಾಡಿಸಿದ್ರೆ ಒಂಬತ್ತು ಟೆಸ್ಟಿನ ದುಡ್ಡು ಉಳೀತದಲ್ಲ?" ಒಬ್ಬರಿಗೆ ಕಲಸುವುದೇ ವ್ಯರ್ಥ ಅನ್ನಿಸಿತ್ತು, ಇನ್ನೊಬ್ಬರಿಗೆ ಅದು ಲಾಭ ಅನ್ನಿಸಿತ್ತು. ಕಲಸಿದರೆ ಯಾವಾಗ ಉಳಿತಾಯ, ಯಾವಾಗ ಮೋಸ ಎಂಬುದಕ್ಕೆ ಮಣ್ಣು ಕೊಡುವ ಉತ್ತರ ಒಂದು, ಕಾಳು ಕೊಡುವ ಉತ್ತರ ಇನ್ನೊಂದು.

ಮೊದಲು ಮಣ್ಣು. ಒಂದು ಎಕರೆಯ ಮೇಲಿನ ಆರು ಅಂಗುಲ ಮಣ್ಣನ್ನು ತೂಗಿದರೆ ಹತ್ತಿರಹತ್ತಿರ ಒಂಬತ್ತು ಲಕ್ಷ ಕಿಲೋ ಆಗುತ್ತದೆ. ಸತು ಎಷ್ಟಿದೆ ಎಂದು ನೋಡಲು ಪ್ರಯೋಗಾಲಯದವರು ತೂಗಿಕೊಳ್ಳುವುದು ಹತ್ತು ಗ್ರಾಂ. ಆ ಹತ್ತು ಗ್ರಾಂ ಒಂಬತ್ತು ಲಕ್ಷ ಕಿಲೋದ ಪರವಾಗಿ ಮಾತಾಡಬೇಕು. ಹೊಲವೋ ಎಲ್ಲಾ ಕಡೆ ಒಂದೇ ಥರ ಇರುವುದಿಲ್ಲ. ಕಳೆದ ಸಲ ಕೂರಿಗೆಯಲ್ಲಿ ಬೀಜದ ಜೊತೆ ಡಿಎಪಿ ಬಿದ್ದ ಸಾಲಿನಲ್ಲಿ ರಂಜಕ ಹೆಚ್ಚು, ಸಾಲಿನ ನಡುವೆ ಕಡಿಮೆ, ಏಕೆಂದರೆ ರಂಜಕ ಹಾಕಿದ ಜಾಗ ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಕುರಿ ಮಂದೆ ತಂಗಿದ ಜಾಗ, ತಿಪ್ಪೆ ಇದ್ದ ಜಾಗ, ಬದುವಿನ ಪಕ್ಕ ನೀರು ನಿಂತ ಜಾಗ, ಒಂದೊಂದರ ಲೆಕ್ಕವೂ ಬೇರೆ. ಒಂದೇ ಗುಂಡಿ ತೋಡಿದರೆ ಗುದ್ದಲಿ ಅಕಸ್ಮಾತ್ತಾಗಿ ಬಿದ್ದ ಜಾಗವೇ ಇಡೀ ಹೊಲದ ಭವಿಷ್ಯ ಬರೆಯುತ್ತದೆ.

ಎಷ್ಟು ಗುಂಡಿ ಸಾಕು ಎಂಬುದಕ್ಕೆ ಸರಳ ಲೆಕ್ಕವೊಂದಿದೆ. ಹೊಲದ ರಂಜಕದ ಸರಾಸರಿ ಹೆಕ್ಟೇರಿಗೆ 20 ಕಿಲೋ, ಗುಂಡಿಯಿಂದ ಗುಂಡಿಗೆ ಅದು ಸಾಮಾನ್ಯವಾಗಿ 8 ಕಿಲೋದಷ್ಟು ಆಚೀಚೆ ಆಗುತ್ತದೆ ಎಂದುಕೊಳ್ಳಿ. ಒಂದೇ ಗುಂಡಿಯ ಮಣ್ಣು ಕೊಟ್ಟರೆ ಉತ್ತರ 4ರಿಂದ 36ರ ನಡುವೆ ಎಲ್ಲಿ ಬೇಕಾದರೂ ಬರಬಹುದು. ನಾಲ್ಕು ಗುಂಡಿ ಕಲಸಿದರೆ ತಪ್ಪು ಅರ್ಧಕ್ಕೆ ಇಳಿದು 12ರಿಂದ 28 ಆಗುತ್ತದೆ. ಹದಿನಾರು ಗುಂಡಿ ಕಲಸಿದರೆ 16ರಿಂದ 24. ಇನ್ನೂ ಅರ್ಧ ಮಾಡಬೇಕೆಂದರೆ ಅರವತ್ತನಾಲ್ಕು ಗುಂಡಿ ತೋಡಬೇಕು. ಶ್ರಮ ನಾಲ್ಕು ಪಟ್ಟಾದಾಗ ತಪ್ಪು ಎರಡರಲ್ಲಿ ಒಂದು ಪಾಲು ಮಾತ್ರ ಇಳಿಯುತ್ತದೆ. ಹತ್ತರಿಂದ ಹದಿನೈದು ಗುಂಡಿ ಎಂದು ಕೃಷಿ ಇಲಾಖೆಯವರು ಹೇಳುವುದರ ಹಿಂದಿರುವ ತರ್ಕ ಇಷ್ಟೇ. ಅಲ್ಲಿಂದ ಮುಂದೆ ಬೆವರಿಗೆ ತಕ್ಕ ಬೆಲೆ ಸಿಗುವುದಿಲ್ಲ. ಗುಂಡಿ ತೋಡುವುದಕ್ಕೆ ಖರ್ಚಾಗುವುದು ಒಂದು ಬೆಳಗ್ಗೆ. ಪರೀಕ್ಷೆ ಮಾಡಿಸುವುದಕ್ಕೆ ಪ್ರತಿ ಪೊಟ್ಟಣಕ್ಕೂ ದುಡ್ಡು, ಕಾಯುವಿಕೆ. ಹನ್ನೆರಡು ಗುಂಡಿಯ ಮಣ್ಣನ್ನು ಬೇರೆ ಬೇರೆ ಪರೀಕ್ಷಿಸಿ ಸರಾಸರಿ ತೆಗೆದರೂ, ಮೊದಲೇ ಕಲಸಿ ಒಂದೇ ಸಲ ಪರೀಕ್ಷಿಸಿದರೂ ಸರಾಸರಿ ಹೆಚ್ಚುಕಡಿಮೆ ಅದೇ. ಯಜಮಾನರಿಗೆ ನಾನು ಹೇಳಬೇಕಾಗಿದ್ದ ಮಾತು ಇದು: ಹನ್ನೆರಡು ಗುಂಡಿ ಹೊಲಕ್ಕಾಗಿ, ಒಂದು ಪೊಟ್ಟಣ ನಿಮ್ಮ ಜೇಬಿಗಾಗಿ.

ಕಲಸಿದ್ದು ಸರಾಸರಿಯಾಗಬೇಕಾದರೆ ಎಲ್ಲಾ ಗುಂಡಿಯಿಂದಲೂ ಒಂದೇ ಸಮ ಮಣ್ಣು ಬಂದಿರಬೇಕು. ಮೇಲಿನ ಕಸಕಡ್ಡಿ ಸರಿಸಿ, ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ಆರು ಅಂಗುಲ ಆಳ ತೋಡಿ, ಗುಂಡಿಯ ಪಕ್ಕದ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದು ಅಂಗುಲ ದಪ್ಪದ ಪದರ ಕೆತ್ತಿ ತೆಗೆಯುವುದು ಇದಕ್ಕೇ. ಒಂದು ಕಡೆ ಎರಡು ಅಂಗುಲ, ಇನ್ನೊಂದು ಕಡೆ ಎಂಟು ಅಂಗುಲ ಹೋದರೆ ಕಲಸಿದ್ದು ಎಲ್ಲಿಯ ಸರಾಸರಿಯೂ ಅಲ್ಲ. ಆಮೇಲೆ ಕಲ್ಲುಬೇರು ಆರಿಸಿ, ಹೆಂಟೆ ಪುಡಿ ಮಾಡಿ, ಚೆನ್ನಾಗಿ ಕಲಸಿ, ರೊಟ್ಟಿಯಂತೆ ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಎಸೆಯಬೇಕು. ಅರ್ಧ ಕಿಲೋ ಉಳಿಯುವವರೆಗೆ ಇದನ್ನೇ ಮಾಡಿ ನೆರಳಲ್ಲಿ ಒಣಗಿಸಬೇಕು.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳುತ್ತೇನೆ. ಮೊದಮೊದಲು ನಾನು ಮಣ್ಣು ಕಲಸುತ್ತಿದ್ದುದು ಮನೆಯ ತಗಡಿನ ಬಕೆಟ್ಟಿನಲ್ಲಿ. ಆ ತಗಡಿಗೆ ಸತುವಿನ ಲೇಪ ಇರುತ್ತದೆ. ಹೊಲದಲ್ಲಿ ಬೆಳೆ ಸತುವಿಲ್ಲದೆ ಬಿಳಿಚಿಕೊಂಡಿದ್ದರೂ ನನ್ನ ಮಾದರಿಗಳಲ್ಲಿ ಸತು ಧಾರಾಳವಾಗಿ ಬರುತ್ತಿತ್ತು. ಖಾಲಿ ಗೊಬ್ಬರದ ಚೀಲದಲ್ಲಿ ಮಣ್ಣು ತುಂಬಿ ಕಳಿಸುವವರದೂ ಇದೇ ಕಥೆ. ಗುಂಡಿಗಳನ್ನು ಹೆಚ್ಚು ಮಾಡಿದರೆ ಅಕಸ್ಮಾತ್ತಿನ ಏರುಪೇರು ತಗ್ಗುತ್ತದೆ, ಆದರೆ ಹನ್ನೆರಡು ಗುಂಡಿಗೂ ಒಂದೇ ಬಕೆಟ್ಟಿನಿಂದ ಅಂಟಿದ ದೋಷ ಹನ್ನೆರಡರಲ್ಲೂ ಹಾಗೇ ಉಳಿಯುತ್ತದೆ.

ಇದಕ್ಕಿಂತ ಆಳದ ತೊಡಕು ಸರಾಸರಿಯಲ್ಲೇ ಇದೆ. ಶಿರಾ, ಪಾವಗಡ, ಮಧುಗಿರಿ ಸೀಮೆಯಲ್ಲಿ ಒಂದೇ ಹಿಡುವಳಿಯಲ್ಲಿ ಎರಡು ಭೂಮಿ ಇರುವುದು ಮಾಮೂಲು. ಮೇಲೆ ಕಲ್ಲುಮರಳಿನ ಕೆಮ್ಮಣ್ಣು, ಕೆಳಗೆ ಹಳ್ಳದ ಕಡೆ ಗೋಡು ಕೂತ ಜಾಗ, ಇಲ್ಲವೇ ಕೆರೆ ಹೂಳೆತ್ತಿದಾಗ ಟ್ರಾಕ್ಟರಿನಲ್ಲಿ ತಂದು ಹರಡಿದ ಕಪ್ಪು ಮಣ್ಣು. ನಾಲ್ಕು ಎಕರೆಯ ಒಂದು ಜಮೀನು ಊಹಿಸಿಕೊಳ್ಳಿ. ಮೇಲಿನ ಮೂರು ಎಕರೆಯಲ್ಲಿ ಗಿಡಕ್ಕೆ ಸಿಗುವ ಸತು ಕಿಲೋ ಮಣ್ಣಿಗೆ 0.4 ಮಿಲಿಗ್ರಾಂ, ಗೋಡು ಹಾಕಿದ ಕೆಳಗಿನ ಒಂದು ಎಕರೆಯಲ್ಲಿ 1.4. ಸಾಮಾನ್ಯವಾಗಿ 0.6ಕ್ಕಿಂತ ಕಡಿಮೆ ಇದ್ದರೆ ಕೊರತೆ ಎನ್ನುತ್ತಾರೆ. ಎಕರೆಗೆ ಮೂರರಂತೆ ಹನ್ನೆರಡು ಗುಂಡಿ ಶಿಸ್ತಾಗಿ ತೋಡಿ ಕಲಸಿದರೆ ಬರುವ ಸಂಖ್ಯೆ 0.65. ಕಾರ್ಡಿನಲ್ಲಿ "ಸತು ಸಾಕಷ್ಟಿದೆ" ಎಂದು ಅಚ್ಚಾಗುತ್ತದೆ. ಮೇಲಿನ ಮೂರು ಎಕರೆ ಹಸಿದುಕೊಂಡೇ ಇರುತ್ತದೆ. ಮೇಲೆ ಆರು, ಕೆಳಗೆ ಆರು ಗುಂಡಿ ತೋಡಿದ್ದರೆ 0.9 ಬಂದು ಅನುಮಾನಕ್ಕೂ ಎಡೆಯಿರುತ್ತಿರಲಿಲ್ಲ. ಇಲ್ಲಿ ಮಾದರಿ ತೆಗೆದ ರೀತಿಯಲ್ಲಿ ದೋಷವಿಲ್ಲ, ಪ್ರಯೋಗಾಲಯದಲ್ಲೂ ಇಲ್ಲ. ಎಲ್ಲೂ ಇಲ್ಲದ ಒಂದು ಹೊಲದ ಬಗ್ಗೆ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವೇ ಬಂದಿದೆ.

ಎರಡು ಪೊಟ್ಟಣ ಮಾಡಿದ್ದರೆ ಇದು ತಪ್ಪುತ್ತಿತ್ತು. ಬಣ್ಣ, ಇಳಿಜಾರು, ಬೆಳೆ, ನೀರು, ಹಾಕಿದ ಗೊಬ್ಬರ, ಇವುಗಳಲ್ಲಿ ಯಾವುದು ಬೇರೆಯಾದರೂ ಪೊಟ್ಟಣ ಬೇರೆಯಾಗಬೇಕು. ಒಂದೇ ರೀತಿ ಗೊಬ್ಬರ ಹಾಕಲು ಹೊರಟಿರುವಷ್ಟು ಜಾಗ ಒಂದು ಪೊಟ್ಟಣಕ್ಕೆ, ಅಷ್ಟೇ. ಕೊಳವೆಬಾವಿ ಕೊರೆಸಿ ಅಡಿಕೆ ಇಟ್ಟ ಅರ್ಧ ಎಕರೆಯನ್ನು ಪಕ್ಕದ ಕಡಲೆಕಾಯಿ ಹೊಲದ ಜೊತೆ ಕಲಸುವುದಂತೂ ಸಾಧುವೇ ಅಲ್ಲ. ಇನ್ನೊಂದು ಎಚ್ಚರಿಕೆ: ಸತು, ರಂಜಕ ಇಂಥವು ಕೂಡಿ ಭಾಗಿಸಬಹುದಾದ ತೂಕಗಳು, ಹುಳಿ-ಕ್ಷಾರದ ಅಳತೆ ಹಾಗಲ್ಲ. ಸುಣ್ಣಕಲ್ಲಿನ ಅಂಶವಿರುವ ಮಣ್ಣು ಸ್ವಲ್ಪ ಸೇರಿದರೂ ಕಲಸಿದ ಪೊಟ್ಟಣದ ರಸಸಾರ ಆ ಮಣ್ಣಿನ ಕಡೆಗೇ ವಾಲುತ್ತದೆ. ಹುಳಿ ಇರುವ ಮೂಲೆ ಅದರಲ್ಲಿ ಮುಚ್ಚಿಹೋಗುತ್ತದೆ.

ಈ ಮಾತನ್ನು ಸರ್ಕಾರದ ಯೋಜನೆಗಳಿಗೂ ಹಚ್ಚಿ ನೋಡಬಹುದು. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯಲ್ಲಿ ನೀರಾವರಿ ಜಮೀನಿಗೆ ಎರಡೂವರೆ ಹೆಕ್ಟೇರ್, ಮಳೆ ಆಶ್ರಯದ ಜಮೀನಿಗೆ ಹತ್ತು ಹೆಕ್ಟೇರ್ ಚೌಕಕ್ಕೆ ಒಂದು ಮಾದರಿ ಎಂದು ಗೊತ್ತುಮಾಡಿದರು. ಹತ್ತು ಹೆಕ್ಟೇರ್ ಎಂದರೆ ಇಪ್ಪತ್ತೈದು ಎಕರೆ. ಎರಡೆರಡು ಎಕರೆಯ ಹಿಡುವಳಿಗಳಾದರೆ ಹನ್ನೆರಡು ಮನೆಗೆ ಒಂದೇ ಅಂಕಿ. ಯಾವ ಹೋಬಳಿಗೆ ಎಷ್ಟು ಜಿಪ್ಸಂ ತರಿಸಬೇಕು ಎಂದು ಲೆಕ್ಕ ಹಾಕುವವರಿಗೆ ಇದು ಸಾಲುತ್ತದೆ. ನನ್ನ ಹೊಲಕ್ಕೆ ಎಷ್ಟು ಹಾಕಲಿ ಎಂದು ಕೇಳುವವನಿಗೆ ಅದು ನೆರೆಯವನ ಹೊಲದ ಉತ್ತರವಾಗಿದ್ದೀತು. ಅದಕ್ಕಿಂತ ಮೊದಲು, 2009ರಲ್ಲಿ, ಕೃಷಿ ಇಲಾಖೆ ಹೈದರಾಬಾದಿನ ಇಕ್ರಿಸ್ಯಾಟ್ ಜೊತೆ ಸೇರಿ ಭೂಚೇತನ ಶುರುಮಾಡಿದಾಗ ತುಮಕೂರು ಮೊದಲ ಆರು ಜಿಲ್ಲೆಗಳಲ್ಲಿ ಒಂದಾಗಿತ್ತು. ಅಲ್ಲಿ ದಿಣ್ಣೆಯ ಮೇಲೆ, ನಡುವೆ, ತಗ್ಗಿನಲ್ಲಿ ಎಂದು ಜಾಗ ವಿಂಗಡಿಸಿ ಹೊಲಗಳನ್ನು ಆರಿಸಿದರು. ಹೊಲದೊಳಗೆ ಎಂಟು ಹತ್ತು ಕಡೆಯ ಮಣ್ಣು ಕಲಸಿದರು, ಆದರೆ ಹೊಲಕ್ಕೆ ಹೊಲ ಕಲಸಲಿಲ್ಲ. ಹೀಗೆ ಮಾಡಿದ್ದರಿಂದಲೇ ಅರ್ಧಕ್ಕಿಂತ ಹೆಚ್ಚು ಹೊಲಗಳಲ್ಲಿ ಕೊರತೆ ಕಂಡರೆ ಆ ಪೋಷಕಾಂಶದ ಪೂರ್ತಿ ಪ್ರಮಾಣ, ಕಡಿಮೆ ಹೊಲಗಳಲ್ಲಿ ಕಂಡರೆ ಅರ್ಧ ಪ್ರಮಾಣ ಎಂಬ ಶಿಫಾರಸು ಸಾಧ್ಯವಾಯಿತು. ಊರಿನ ಮಣ್ಣನ್ನೆಲ್ಲಾ ಒಂದೇ ಪೊಟ್ಟಣ ಮಾಡಿದ್ದರೆ ಎಷ್ಟು ಹೊಲಗಳಲ್ಲಿ ಕೊರತೆ ಎಂಬ ಎಣಿಕೆಯೇ ಕೈಗೆ ಸಿಗುತ್ತಿರಲಿಲ್ಲ. ಕಲಸುವ ಕೆಲಸವನ್ನು ಎಲ್ಲಿಗೆ ನಿಲ್ಲಿಸಬೇಕು ಎಂಬುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಇದು.

ಇನ್ನು ಕಡಲೆಕಾಯಿ. ಇಲ್ಲಿ ಪ್ರಶ್ನೆಯೇ ಬೇರೆ. ಈ ಸೀಮೆಯ ಕಾಯಿಯನ್ನು ಕಾಡುವುದು ಅಫ್ಲಾಟಾಕ್ಸಿನ್ ಎಂಬ ವಿಷ. ಆಸ್ಪರ್ಜಿಲಸ್ ಜಾತಿಯ ಬೂಷ್ಟು ಇದನ್ನು ಹುಟ್ಟಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ ಮೇವಿನಲ್ಲಿದ್ದ ಕಡಲೆಕಾಯಿ ಹಿಂಡಿಯ ಜಾಡು ಹಿಡಿದು ಇದನ್ನು ಪತ್ತೆಹಚ್ಚಿದರು. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ನೆಲ ಕಾದರೆ, ಕಾಯಿ ಇನ್ನೂ ಮಣ್ಣಿನಲ್ಲಿರುವಾಗಲೇ ಬೂಷ್ಟು ಒಳಹೊಗುತ್ತದೆ. ಕಿತ್ತ ಮೇಲೆ ಒದ್ದೆ ಬಣವೆ ಹಾಕಿದರೆ ಬೆಳೆಯುತ್ತದೆ. ಆದರೆ ಎಲ್ಲಾ ಬೀಜಕ್ಕೂ ಹತ್ತುವುದಿಲ್ಲ. ಸಾವಿರಾರು ಬೀಜಕ್ಕೆ ಒಂದೆರಡರಲ್ಲಿ ಮಾತ್ರ, ಅದೂ ಭಯಂಕರ ಪ್ರಮಾಣದಲ್ಲಿ ಇರುತ್ತದೆ. ಒಂದೇ ಬೀಜದಲ್ಲಿ ಕಿಲೋಗೆ ಹತ್ತು ಲಕ್ಷ ಮೈಕ್ರೋಗ್ರಾಂ ಮೀರಿದ ಲೆಕ್ಕದಲ್ಲಿ ವಿಷ ಸಿಕ್ಕಿದ ದಾಖಲೆ ಇದೆ. ಅಂತರರಾಷ್ಟ್ರೀಯ ಆಹಾರ ಮಾನದಂಡ ರೂಪಿಸುವ ಕೋಡೆಕ್ಸ್, ಸಂಸ್ಕರಣೆಗೆ ಹೋಗುವ ಕಡಲೆಬೀಜಕ್ಕೆ ಇಟ್ಟ ಮಿತಿ ಕಿಲೋಗೆ 15 ಮೈಕ್ರೋಗ್ರಾಂ.

ಮಣ್ಣಿನ ಲೆಕ್ಕ ಇಲ್ಲಿ ಹೇಗೆ ಕೈಕೊಡುತ್ತದೆ ನೋಡಿ. ಈ ಕಡೆ ತಲೆಮಾರಿನಿಂದ ಬೆಳೆಯುವ ಟಿಎಂವಿ-2 ತಳಿಯ ಸಣ್ಣ ಬೀಜ ಕಿಲೋಗೆ ಸುಮಾರು ಮೂರು ಸಾವಿರ ಬರುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಲೋಡಿನಲ್ಲಿ ಮೂರು ಸಾವಿರಕ್ಕೊಂದು ಬೀಜ ಕೆಟ್ಟಿದೆ, ಅದೊಂದರಲ್ಲಿ 20 ಮೈಕ್ರೋಗ್ರಾಂ ವಿಷವಿದೆ ಎಂದರೆ ಲೋಡಿನ ನಿಜ ಸರಾಸರಿ ಕಿಲೋಗೆ 20, ಅಂದರೆ ಮಿತಿ ಮೀರಿದ್ದು. ಈಗ ನೂರು ಗ್ರಾಂ ಬೀಜ ತೆಗೆದು ಪರೀಕ್ಷೆಗೆ ಕೊಟ್ಟರೆ ಹತ್ತರಲ್ಲಿ ಒಂಬತ್ತು ಸಲ ಕೆಟ್ಟ ಬೀಜ ಸಿಗುವುದೇ ಇಲ್ಲ. "ವಿಷವಿಲ್ಲ" ಎಂದು ವರದಿ ಬರುತ್ತದೆ. ಹತ್ತನೆಯ ಸಲ ಸಿಕ್ಕಿದರೆ 200 ಎಂದು ಬಂದು ಎಲ್ಲರೂ ಗಾಬರಿಯಾಗುತ್ತಾರೆ. ಒಂದು ಕಿಲೋ ಕೊಟ್ಟರೂ ನೂರಕ್ಕೆ ಮೂವತ್ತೇಳು ಸಲ ಸೊನ್ನೆಯೇ. ಇಪ್ಪತ್ತು ಕಿಲೋ ಕೊಟ್ಟರೆ ಅದರಲ್ಲಿ ಇಪ್ಪತ್ತರ ಆಸುಪಾಸು ಕೆಟ್ಟ ಬೀಜ ಇರುತ್ತವೆ, ಉತ್ತರ ಬಹುಪಾಲು 11ರಿಂದ 29ರ ನಡುವೆ ಬೀಳುತ್ತದೆ. ಕೋಡೆಕ್ಸ್ ಮಾದರಿಯ ತೂಕ ಸುಲಿದ ಬೀಜವಾದರೆ 20 ಕಿಲೋ, ಸಿಪ್ಪೆ ಸಮೇತವಾದರೆ 27 ಕಿಲೋ ಇರಬೇಕು ಎನ್ನುವುದು ಪರೀಕ್ಷಕರ ಹಟವಲ್ಲ, ಈ ಲೆಕ್ಕದ ಫಲ. ಇಪ್ಪತ್ತು ಕಿಲೋದಲ್ಲೂ ತಪ್ಪು ಎಷ್ಟು ಉಳಿಯುತ್ತದೆ ಎಂಬುದನ್ನೂ ಗಮನಿಸಿ: 20 ಇದ್ದ ಲೋಡು 14 ಎಂದು ತೋರಿ ಪಾಸಾಗುವ ಸಾಧ್ಯತೆ ಇದ್ದೇ ಇದೆ.

ಮಂಡಿಯಲ್ಲಿ ಚೀಲದ ಬಾಯಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜಿ ನೋಡುವುದು ತೇವಕ್ಕೆ, ಗಾತ್ರಕ್ಕೆ ಸಾಕು. ವಿಷಕ್ಕೆ ಸಾಲದು. ಇಪ್ಪತ್ತು ಕಿಲೋ ಒಂದೇ ಚೀಲದಿಂದ ಬಂದರೂ ಪ್ರಯೋಜನವಿಲ್ಲ. ಕೆಟ್ಟ ಬೀಜ ಹೊಲದ ಒಂದು ಮೂಲೆಯದೋ, ಒದ್ದೆಯಾದ ಒಂದು ಬಣವೆಯದೋ ಆಗಿ ಕೆಲವೇ ಚೀಲಗಳಲ್ಲಿ ಗುಂಪಾಗಿ ಕೂತಿರುತ್ತದೆ. ಇನ್ನೂರು ಗ್ರಾಂನಂತೆ ನೂರು ಕಡೆಯಿಂದ ಬರಬೇಕು. ಚೀಲದ ಮೇಲೆ, ನಡುವೆ, ತಳ ಮೂರೂ ಕಡೆ ಕೊಳವೆ ಚುಚ್ಚಬೇಕು. ರಾಶಿಯಲ್ಲಿ ದಪ್ಪ ಕಾಯಿ ಅಂಚಿಗೆ ಉರುಳಿ ಸಣ್ಣದು, ಮುರುಟಿದ್ದು ಬೇರೆ ಕಡೆ ಸೇರಿಕೊಳ್ಳುವುದರಿಂದ, ರಾಶಿ ಸುರಿಯುವಾಗಲೇ ಬೀಳುವ ಧಾರೆಗೆ ಆಗಾಗ ಮೊರ ಒಡ್ಡಿ ಹಿಡಿಯುವುದು ಎಲ್ಲಕ್ಕಿಂತ ಒಳ್ಳೆಯದು.

ಇಷ್ಟು ಮಾಡಿ ಕೊನೆಯಲ್ಲಿ ಕೆಡಿಸಿಕೊಳ್ಳುವವರನ್ನೂ ಕಂಡಿದ್ದೇನೆ. ಇಪ್ಪತ್ತು ಕಿಲೋ ಬೀಜವನ್ನು ಮಣ್ಣಿನಂತೆಯೇ ಹರಡಿ, ನಾಲ್ಕು ಭಾಗ ಮಾಡಿ, ಎರಡು ಎಸೆದು, ಅರ್ಧ ಕಿಲೋಗೆ ಇಳಿಸಿ ಕಳಿಸುತ್ತಾರೆ. ಅಲ್ಲಿಗೆ ನೂರು ಕಡೆಯಿಂದ ಕಾಳು ತಂದ ಶ್ರಮವೆಲ್ಲ ಹೊಳೆಗೆ. ಮಣ್ಣಿನ ಒಂದು ಚಿಟಿಕೆಯಲ್ಲೂ ಲೆಕ್ಕವಿಲ್ಲದಷ್ಟು ಕಣಗಳಿರುತ್ತವೆ, ಎಷ್ಟು ಭಾಗ ಮಾಡಿದರೂ ಎಲ್ಲಾ ಗುಂಡಿಗಳ ಪಾಲೂ ಉಳಿಯುತ್ತದೆ. ಅರ್ಧ ಕಿಲೋ ಇಡೀ ಬೀಜದಲ್ಲಿ ಕೆಟ್ಟದ್ದು ಒಂದೂ ಇಲ್ಲದಿರಬಹುದು. ಆದ್ದರಿಂದ ಇಲ್ಲಿ ಮೊದಲು ಅರೆಯಬೇಕು, ಆಮೇಲೆ ಭಾಗ ಮಾಡಬೇಕು. ಕಡಲೆಬೀಜ ಅರೆದರೆ ಎಣ್ಣೆ ಬಿಟ್ಟು ಮುದ್ದೆಯಾಗುವುದರಿಂದ ನೀರು ಹಾಕಿ ಹಿಟ್ಟಿನ ಹದಕ್ಕೆ ರುಬ್ಬುವುದೂ ಉಂಟು. ಇಪ್ಪತ್ತು ಕಿಲೋವನ್ನೂ ಅರೆಯುವ ಯಂತ್ರ ಪ್ರಯೋಗಾಲಯದಲ್ಲಿ ಇದೆಯೇ ಎಂದು ಕೇಳದೆ ಮಾದರಿ ಕಳಿಸಬೇಡಿ.

ಈಗ ಕೊಳ್ಳುವವರ ಪ್ರಶ್ನೆಗೆ ಬರೋಣ: ಹಲವು ರೈತರ ಕಾಯಿ ಸೇರಿಸಿ ಒಂದೇ ಪರೀಕ್ಷೆ. ಉಪಾಯ ಹೊಸದಲ್ಲ. 1943ರಲ್ಲಿ ಅಮೆರಿಕದ ರಾಬರ್ಟ್ ಡಾರ್ಫ್‌ಮನ್ ಸೈನಿಕರ ರಕ್ತಪರೀಕ್ಷೆಗೆ ಇದನ್ನು ಸೂಚಿಸಿದ್ದ. 2020ರ ಏಪ್ರಿಲ್‌ನಲ್ಲಿ ಕೊರೊನಾ ಪರೀಕ್ಷೆಗೆ ಐದರವರೆಗೆ ಮಾದರಿ ಸೇರಿಸಬಹುದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳಿದ್ದೂ ಇದೇ ಲೆಕ್ಕದ ಮೇಲೆ. ಸೋಂಕು ನೂರಕ್ಕೆ ಎರಡಕ್ಕಿಂತ ಕಡಿಮೆ ಇರುವ ಕಡೆಗೇ ಅದು ತಕ್ಕದ್ದು ಎಂದೂ ಮಂಡಳಿ ಹೇಳಿತ್ತು. ಸೇರಿಸಿದ್ದು ಶುದ್ಧ ಬಂದರೆ ಎಲ್ಲರೂ ಪಾಸು. ಕೆಟ್ಟದ್ದು ಬಂದರೆ ಎತ್ತಿಟ್ಟ ಒಬ್ಬೊಬ್ಬರ ಮಾದರಿಯನ್ನೂ ಮತ್ತೆ ನೋಡಬೇಕು.

ಮೊದಲ ತೊಡಕು ಮಿತಿಯದು. ಹತ್ತು ರೈತರಲ್ಲಿ ಒಬ್ಬನ ಕಾಯಿಯಲ್ಲಿ 100 ಇದೆ, ಉಳಿದವರದು ಶುದ್ಧ ಎನ್ನಿ. ಕಲಸಿದರೆ 10. ಮಿತಿ 15 ಎಂದುಕೊಂಡು ಪಾಸು ಮಾಡಿದರೆ ಮಿತಿಯ ಆರೂವರೆ ಪಟ್ಟಿಗೂ ಹೆಚ್ಚು ವಿಷವಿರುವ ಕಾಯಿ ಸಲೀಸಾಗಿ ದಾಟಿತು. ಕಲಸಿದಾಗ ಮಿತಿಯನ್ನೂ ಹತ್ತರಿಂದ ಭಾಗಿಸಬೇಕು: 1.5. ಅಷ್ಟು ಕಡಿಮೆಯನ್ನು ನಿಮ್ಮ ಪರೀಕ್ಷೆ ನಂಬುವಂತೆ ಓದಬಲ್ಲದೇ? ಓದುವ ಶಕ್ತಿ 3ಕ್ಕೆ ನಿಂತರೆ ಐದಕ್ಕಿಂತ ಹೆಚ್ಚು ರೈತರನ್ನು ಸೇರಿಸುವಂತಿಲ್ಲ.

ಎರಡನೆಯದು ಮಳೆಯದು. ಐದೈದು ರೈತರ ಗುಂಪು ಮಾಡಿದಿರಿ. ಮಳೆ ಚೆನ್ನಾಗಿ ಬಂದ ವರ್ಷ ನೂರಕ್ಕೆ ಐದು ರೈತರ ಕಾಯಿ ಮಾತ್ರ ಕೆಟ್ಟಿದ್ದರೆ, ಐದು ಪರೀಕ್ಷೆಯ ಬದಲು ಸರಾಸರಿ ಎರಡು ಚಿಲ್ಲರೆ ಪರೀಕ್ಷೆಯಲ್ಲಿ ಕೆಲಸ ಮುಗಿಯುತ್ತದೆ, ಅರ್ಧಕ್ಕಿಂತ ಹೆಚ್ಚು ಖರ್ಚು ಉಳಿತಾಯ. ಕೊನೆಯ ಮಳೆ ತಪ್ಪಿ ನೂರಕ್ಕೆ ಮೂವತ್ತು ಕೆಟ್ಟಿದ್ದರೆ, ಆರು ಗುಂಪಿನಲ್ಲಿ ಐದು ಗುಂಪು ಫೇಲಾಗುತ್ತದೆ, ಎಲ್ಲರನ್ನೂ ಮತ್ತೆ ಪರೀಕ್ಷಿಸಬೇಕಾಗಿ ಐದಕ್ಕಿಂತ ಹೆಚ್ಚೇ ಪರೀಕ್ಷೆ ಬೀಳುತ್ತದೆ. ಮಿತಿಯೊಳಗೇ ಇರುವ ನಾಲ್ಕೈದು ಜನರ ಸಣ್ಣ ಪ್ರಮಾಣ ಕೂಡಿ 3 ದಾಟುವ ಸುಳ್ಳು ಗಾಬರಿಯೂ ಅಂಥ ವರ್ಷವೇ ಹೆಚ್ಚು. ಒಟ್ಟಿನಲ್ಲಿ, ಪರೀಕ್ಷೆಯ ಅಗತ್ಯ ಕಡಿಮೆ ಇರುವ ವರ್ಷ ಈ ಉಪಾಯ ಲಾಭ ಕೊಡುತ್ತದೆ, ತುಂಬಾ ಅಗತ್ಯವಿರುವ ವರ್ಷ ನಷ್ಟ ಮಾಡುತ್ತದೆ. ಬರಕ್ಕೆ ಹೆಸರಾದ ಈ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಹತ್ತು ರೈತರ ಕಾಯಿ ಕಲಸಿ ನೋಡುವುದು ಸರಿಯೇ: ಆ ಕಾಯಿ ಆಮೇಲೆ ನಿಜವಾಗಿಯೂ ಒಂದಾಗಿ ಕಲಸಿಹೋಗುವುದಾದರೆ. ಚಳ್ಳಕೆರೆಯ ಗಾಣಕ್ಕೆ ಹೋಗುವ ಲಾರಿಯಲ್ಲಿ ಯಾರ ಕಾಯಿ ಯಾವುದು ಎಂಬುದು ಅಳಿಸಿಹೋಗುತ್ತದೆ. ವಿಷದ ಬಹುಪಾಲು ಹಿಂಡಿಯಲ್ಲಿ ಉಳಿಯುತ್ತದೆ, ಹಿಂಡಿ ಹಸುವಿಗೆ ಹೋಗುತ್ತದೆ, ವಿಷ ರೂಪ ಬದಲಿಸಿಕೊಂಡು ಹಾಲಿಗೂ ಬರುತ್ತದೆ. ಅಲ್ಲಿ ಕೇಳಬೇಕಾದ್ದೇ ಸರಾಸರಿ. ಆದರೆ ಬಿತ್ತನೆ ಬೀಜವೋ, ಚಿಕ್ಕಿ ಮಾಡುವವರಿಗೆ ಆರಿಸಿದ ಬೀಜವೋ ಆಗಿ ಬೇರೆ ಬೇರೆ ಚೀಲದಲ್ಲೇ ಉಳಿಯುವ ಕಾಯಿಗೆ ಸರಾಸರಿ ಹೇಳಿ ಉಪಯೋಗವಿಲ್ಲ. ಯಾರೂ ಸರಾಸರಿ ಚಿಕ್ಕಿ ತಿನ್ನುವುದಿಲ್ಲ.

ಹೊಲದ ಯಜಮಾನರ ಮಣ್ಣನ್ನು ಕೊನೆಗೆ ಎರಡು ಪೊಟ್ಟಣ ಮಾಡಿ, ಮೇಲಿನದಕ್ಕೆ ಒಂದು, ಗೋಡಿನದಕ್ಕೆ ಒಂದು ಚೀಟಿ ಹಾಕಿ ಕಳಿಸಿದೆವು. ರೈತರ ಗುಂಪು ಕಟ್ಟಿಕೊಂಡು ಕಾಯಿ ಕೊಳ್ಳುವವರಿಗೆ ನನ್ನ ಮನವಿ ಒಂದೇ: ಮಳೆ ಸರಿಯಾಗಿ ಬಂದ ವರ್ಷ ಐದೈದರ ಗುಂಪು ಮಾಡಿ, ಉಳಿದ ದುಡ್ಡನ್ನು ಎತ್ತಿಡಿ. ಕೊನೆಯ ಮಳೆ ತಪ್ಪಿದ ವರ್ಷ ಗುಂಪು ಬಿಟ್ಟು ಆ ದುಡ್ಡಿನಲ್ಲಿ ಒಬ್ಬೊಬ್ಬರ ಕಾಯಿಯನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಿಸಿ.